‘ಸಂಸ್ಕರಿಸಲಾಯಿತು’ ಅಂದರೆ ಎಷ್ಟು, ಯಾವುದರಲ್ಲಿ, ಎಲ್ಲಿಯವರೆಗೆ? ಮೆಥಡ್ಸ್ ಭಾಗದ ದೋಷ ನಿವಾರಣೆ

ಶಿರಸಿ ಸೀಮೆಯ ಅಡಿಕೆ ಸಿಪ್ಪೆಯ ನಾರನ್ನು ಎಪಾಕ್ಸಿಯಲ್ಲಿ ಕೂರಿಸಿ ಫಲಕ ಮಾಡುವುದು, ಅದರ ಬಲ ಅಳೆಯುವುದು ನಮ್ಮ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆರಿಸಿಕೊಳ್ಳುವಂಥ ಪ್ರಾಜೆಕ್ಟ್. ಕಚ್ಚಾವಸ್ತು ತೋಟದಲ್ಲೇ ಸಿಗುತ್ತದೆ, ಖರ್ಚು ಕಡಿಮೆ. ಆದರೆ ಅದರ ಪ್ರಬಂಧ ಓದಿ ಇನ್ನೊಂದು ಲ್ಯಾಬಿನವರು ಅದೇ ಫಲಕ ಮಾಡಲು ಹೊರಟರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಅಂಥ ಒಂದು ಪ್ಯಾರಾವನ್ನು ಇಲ್ಲಿ ಬಿಚ್ಚಿ ನೋಡೋಣ. ಇದು ಯಾರ ಪ್ರಬಂಧದ್ದೂ ಅಲ್ಲ, ದೋಷ ತೋರಿಸಲೆಂದೇ ಕಟ್ಟಿದ್ದು. ಮುಂದೆ ಬರುವ ತೂಕ, ಸಾಂದ್ರತೆಗಳೂ ಉದಾಹರಣೆಯವು. ನಿಮ್ಮ ಪ್ರಬಂಧಕ್ಕೆ ನಿಮ್ಮ ಅಳತೆಗಳೇ ಬೇಕು.

> ಅಡಿಕೆ ಸಿಪ್ಪೆಯನ್ನು ಸ್ಥಳೀಯವಾಗಿ ಸಂಗ್ರಹಿಸಿ ನಾರು ತೆಗೆಯಲಾಯಿತು. ನಾರನ್ನು 5% ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸಂಸ್ಕರಿಸಿ, ಚೆನ್ನಾಗಿ ತೊಳೆದು ಒಣಗಿಸಲಾಯಿತು. ಎಪಾಕ್ಸಿಯೊಂದಿಗೆ ಸೂಕ್ತ ಪ್ರಮಾಣದಲ್ಲಿ ಬೆರೆಸಿ, ಹ್ಯಾಂಡ್ ಲೇ-ಅಪ್ ವಿಧಾನದಲ್ಲಿ 20% ನಾರಿನ ಫಲಕ ತಯಾರಿಸಿ, ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಲು ಬಿಡಲಾಯಿತು. ಎಎಸ್‌ಟಿಎಂ ಪ್ರಕಾರ ಮಾದರಿ ಕತ್ತರಿಸಿ ಎಳೆತ ಬಲ ಪರೀಕ್ಷಿಸಲಾಯಿತು. ದೋಷಯುಕ್ತ ಮಾದರಿಗಳನ್ನು ಕೈಬಿಟ್ಟು ಸರಾಸರಿ ತೆಗೆದುಕೊಳ್ಳಲಾಯಿತು.

ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಕನ್ನಡದಲ್ಲಿದ್ದರೂ ರೋಗ ಒಂದೇ. ಕನ್ನಡದಲ್ಲಿ ‘-ಲಾಯಿತು’ ಎಂಬ ಬಾಲ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಪತ್ತೆ ಸುಲಭ. ಕೆಳಗಿನ ಲಕ್ಷಣಗಳು ಖರ್ಚಿಲ್ಲದ ತಪಾಸಣೆಯಿಂದ ಶುರುವಾಗಿ ಮತ್ತೆ ಅಳೆಯಬೇಕಾದವುಗಳ ಕಡೆಗೆ ಹೋಗುತ್ತವೆ.

## ಲಕ್ಷಣ: ಪರಿಶೀಲಕರು ‘ವಿವರ ಸಾಲದು’ ಎನ್ನುತ್ತಾರೆ, ಯಾವುದು ಸಾಲದು ಎಂದು ಹೇಳುವುದಿಲ್ಲ

ಬೇಕಾದದ್ದು ಪ್ಯಾರಾದ ಒಂದು ಮುದ್ರಿತ ಪ್ರತಿ, ಒಂದು ಕೆಂಪು ಪೆನ್ನು, ಹದಿನೈದು ನಿಮಿಷ. ಕೈಯಿಂದ ಮಾಡಿದ ಪ್ರತಿಯೊಂದು ಕೆಲಸದ ಕ್ರಿಯಾಪದಕ್ಕೂ ಸುತ್ತು ಹಾಕಿ. ಮೇಲಿನ ಪ್ಯಾರಾದಲ್ಲಿ ಸಂಗ್ರಹಿಸಿದ್ದರಿಂದ ಸರಾಸರಿ ತೆಗೆದುಕೊಂಡಲ್ಲಿಯವರೆಗೆ ಹನ್ನೆರಡು ಕೆಲಸಗಳಿವೆ. ಈಗ ಸಂಖ್ಯೆಗಳಿಗೆ ಚೌಕ ಹಾಕಿ. ಸಿಗುವುದು ಎರಡೇ, 5% ಮತ್ತು 20%. ಅವೆರಡೂ ಯಾವುದರ ಶೇಕಡ ಎಂದು ಹೇಳಿಲ್ಲ.

ಹನ್ನೆರಡು ಕೆಲಸಕ್ಕೆ ಎರಡು ಸಂಖ್ಯೆ ಇದ್ದರೆ ಉಳಿದದ್ದೆಲ್ಲ ಓದುಗನ ಊಹೆ ಎಂದರ್ಥ. ಪ್ರತಿ ಸುತ್ತಿನ ಪಕ್ಕದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳಿ: ಯಾವ ವಸ್ತು, ಎಷ್ಟು, ಯಾವ ಸ್ಥಿತಿಯಲ್ಲಿ, ಯಾವಾಗ ನಿಲ್ಲಿಸಿದ್ದು. ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ‘ಚೆನ್ನಾಗಿ ತೊಳೆದು’ ಎಂಬಲ್ಲಿ ತೊಳೆದವನಿಗೆ ಯಾವಾಗ ಸಾಕು ಅನ್ನಿಸಿತು ಎಂಬುದು ಮುಖ್ಯ. ಅದು ಅವನ ಕಣ್ಣಿನಲ್ಲಿತ್ತು, ಕಾಗದಕ್ಕೆ ಬರಲಿಲ್ಲ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಗೆಹರಿಯಲಿ. ಕರ್ಮಣಿ ಪ್ರಯೋಗವೇ ಅಪರಾಧಿ ಎಂದುಕೊಂಡು ‘ಸಂಸ್ಕರಿಸಲಾಯಿತು’ ಎಂಬುದನ್ನು ‘ನಾವು ಸಂಸ್ಕರಿಸಿದೆವು’ ಎಂದು ಬದಲಿಸಿದರೆ ಪ್ಯಾರಾ ಒಂದಿಷ್ಟೂ ಸುಧಾರಿಸುವುದಿಲ್ಲ, ಏಕೆಂದರೆ ಎಷ್ಟು ಎಂಬುದು ಇನ್ನೂ ಇಲ್ಲ. ಓವನ್ ಒಣಗಿಸಿದ್ದನ್ನು ‘ಒಣಗಿಸಲಾಯಿತು’ ಎಂದರೆ ನಷ್ಟವಿಲ್ಲ, ಯಾರು ಸ್ವಿಚ್ ಒತ್ತಿದರೂ ಒಂದೇ. ಆದರೆ ಮನುಷ್ಯನೊಬ್ಬ ನೋಡಿ ತೀರ್ಮಾನಿಸಿದ ಕಡೆ, ಎಂದರೆ ನಾರು ಆರಿಸುವಾಗ, ರೋಲರ್ ಒತ್ತುವಾಗ, ಮಾದರಿ ಕೈಬಿಡುವಾಗ, ಕರ್ತೃ ಕಾಣೆಯಾದರೆ ತೀರ್ಮಾನದ ಅಳತೆಗೋಲೂ ಜೊತೆಗೇ ಕಾಣೆಯಾಗುತ್ತದೆ. ಅಲ್ಲಿ ಮಾತ್ರ ‘ನಾವು’ ತನ್ನಿ, ಅದರ ಹಿಂದೆಯೇ ಅಳತೆಗೋಲನ್ನೂ ತನ್ನಿ.

## ಲಕ್ಷಣ: ಮುಂದಿನ ಬ್ಯಾಚಿನವರ ಫೋನ್ ಬರುತ್ತದೆ, ‘ಅಣ್ಣ, ಯಾವ ಸಿಪ್ಪೆ ತಗಂಡಿದ್ರಿ?’

ಕಚ್ಚಾವಸ್ತುವಿನ ಗುರುತು ಇಲ್ಲ ಎಂಬುದರ ಸೂಚನೆ ಇದು. ಕೆಂಪು ಪೆನ್ನಿನ ನಂತರದ ಅಗ್ಗದ ತಪಾಸಣೆಯೆಂದರೆ ಪ್ಯಾರಾ ಓದಿ ಒಂದು ಸಾಮಾನಿನ ಚೀಟಿ ಬರೆಯುವುದು. ಅಂಗಡಿಗೆ ಅಥವಾ ತೋಟಕ್ಕೆ ಹೋಗುವವನ ಕೈಗೆ ಆ ಚೀಟಿ ಕೊಟ್ಟರೆ ಅವನು ಮತ್ತೆ ಪ್ರಶ್ನೆ ಕೇಳದೆ ಸಾಮಾನು ತರಬೇಕು.

‘ಅಡಿಕೆ ಸಿಪ್ಪೆ, ಸ್ಥಳೀಯ’ ಎಂಬ ಚೀಟಿ ಹಿಡಿದು ಶಿರಸಿಯ ತೋಟಕ್ಕೆ ಹೋದರೆ ಎರಡು ಬೇರೆ ಬೇರೆ ವಸ್ತು ಸಿಗುತ್ತವೆ. ಕೆಂಪಡಿಕೆಗೆ ಬೆಳೆಯದ ಹಸಿರು ಕಾಯಿ ಸುಲಿದಾಗ ಬರುವುದು ನೀರು ತುಂಬಿದ ಎಳೆಯ ಸಿಪ್ಪೆ. ಚಾಲಿಗೆ ಹಣ್ಣಡಿಕೆಯನ್ನು ವಾರಗಟ್ಟಲೆ ಬಿಸಿಲಿಗೆ ಹರವಿ, ಆಮೇಲೆ ಸುಲಿದಾಗ ಬರುವುದು ಬಲಿತ, ಒಣಗಿದ ಸಿಪ್ಪೆ. ನಾರಿನ ಬಲಿತ ಮಟ್ಟ ಬೇರೆ, ಕ್ಷಾರದಲ್ಲಿ ಅದು ನಡೆದುಕೊಳ್ಳುವ ರೀತಿ ಬೇರೆ. ಸುಲಿದ ಮೇಲೆ ಮಳೆಯಲ್ಲಿ ರಾಶಿ ಬಿದ್ದು ಅರೆ ಕೊಳೆತ ಸಿಪ್ಪೆ ಇನ್ನೊಂದೇ ವಸ್ತು. ಆದ್ದರಿಂದ ಯಾವ ಅಡಿಕೆಯ ಸಿಪ್ಪೆ, ಯಾವ ತಿಂಗಳು ಸುಲಿದದ್ದು, ಸುಲಿದು ಎಷ್ಟು ದಿನಕ್ಕೆ ಬಳಸಿದ್ದು, ನಡುವೆ ಎಲ್ಲಿ ಇಟ್ಟದ್ದು ಎಂಬುದನ್ನು ಬರೆಯಬೇಕು. ತೋಟದ ಯಜಮಾನರ ಹೆಸರು ಬೇಡ, ತಾಲೂಕು ಸಾಕು.

ನಾರು ತೆಗೆದ ಬಗೆಯೂ ಇದೇ ಸಾಲಿನದು. ಎಷ್ಟು ದಿನ ನೀರಿನಲ್ಲಿ ನೆನೆಹಾಕಿದ್ದು, ನೀರು ಬದಲಿಸಿದ್ದೋ ಇಲ್ಲವೋ, ಕೈಯಿಂದ ಬಿಡಿಸಿದ್ದೋ ಯಂತ್ರದಿಂದಲೋ, ಯಾವ ಉದ್ದಕ್ಕೆ ಕತ್ತರಿಸಿದ್ದು. ಸಿಪ್ಪೆಯಲ್ಲಿ ಒರಟು ನಾರೂ ನವಿರು ನಾರೂ ಒಟ್ಟಿಗೆ ಇರುತ್ತವೆ. ನೀವು ಆರಿಸಿ ತೆಗೆದಿದ್ದರೆ ಯಾವುದನ್ನು ಇಟ್ಟುಕೊಂಡಿರಿ ಎಂದು ಹೇಳಿ. ಆರಿಸದಿದ್ದರೆ ಆರಿಸಿಲ್ಲ ಎಂದೂ ಹೇಳಿ. ಮಾಡದ ಕೆಲಸವನ್ನು ‘ಮಾಡಿಲ್ಲ’ ಎಂದು ದಾಖಲಿಸುವುದು ಮೆಥಡ್ಸ್ ಭಾಗದಲ್ಲಿ ತುಂಬ ಉಪಯೋಗದ ವಾಕ್ಯ.

## ಲಕ್ಷಣ: ಅದೇ ‘5% ಕ್ಷಾರ’, ಆದರೆ ಒಬ್ಬರ ನಾರು ಕಂದು, ಇನ್ನೊಬ್ಬರದು ಬಿಳಿಚಿ ಪುಡಿಯಾಗುವಂತಿದೆ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನಿಸೋಣ.

ಮೊದಲು ಶೇಕಡದ ಅರ್ಥ. 50 ಗ್ರಾಂ ಕ್ಷಾರ ಕರಗಿಸಿ ಒಟ್ಟು ದ್ರಾವಣವನ್ನು 1 ಲೀಟರಿಗೆ ತಂದರೆ ಅದು ತೂಕ-ಗಾತ್ರದ 5%, ಅಂದರೆ 1.25 ಮೋಲಾರ್. 50 ಗ್ರಾಂ ಕ್ಷಾರಕ್ಕೆ 950 ಗ್ರಾಂ ನೀರು ಹಾಕಿದರೆ ಅದು ತೂಕ-ತೂಕದ 5%, ಸುಮಾರು 1.32 ಮೋಲಾರ್. ವ್ಯತ್ಯಾಸ ದೊಡ್ಡದೇನಲ್ಲ, ಆದರೆ ಒಂದು ಪದ ಬರೆದರೆ ಅದು ಪೂರ್ತಿ ಹೋಗುತ್ತದೆ. ಆದ್ದರಿಂದ ಶೇಕಡದ ಜೊತೆಗೆ ಗ್ರಾಂ ಮತ್ತು ಲೀಟರ್ ಎರಡನ್ನೂ ಕೊಡಿ.

ಶೇಕಡಕ್ಕಿಂತ ದೊಡ್ಡ ತೂತು ಬೇರೆ ಇದೆ. ಎಷ್ಟು ದ್ರಾವಣಕ್ಕೆ ಎಷ್ಟು ನಾರು? ಕ್ಷಾರವು ನಾರಿನ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಮೇಲೆ ಕೆಲಸ ಮಾಡುತ್ತ ತಾನೂ ಖರ್ಚಾಗುತ್ತದೆ. 1 ಗ್ರಾಂ ನಾರಿಗೆ 20 ಮಿಲಿಲೀಟರ್ ದ್ರಾವಣವಿದ್ದರೆ ಪ್ರತಿ ಗ್ರಾಂ ನಾರಿನ ಪಾಲಿಗೆ 1 ಗ್ರಾಂ ಕ್ಷಾರ ಸಿಗುತ್ತದೆ. ಅದೇ ದ್ರಾವಣವನ್ನು 5 ಮಿಲಿಲೀಟರಿಗೆ ಇಳಿಸಿದರೆ ಪಾಲು ಕಾಲು ಗ್ರಾಂ ಮಾತ್ರ. ಎರಡೂ ಲ್ಯಾಬಿನವರು ಪ್ರಾಮಾಣಿಕವಾಗಿಯೇ ‘5%’ ಎಂದು ಬರೆಯುತ್ತಾರೆ, ಸಂಸ್ಕಾರ ಮಾತ್ರ ಬೇರೆ ಬೇರೆ. ಬಕೆಟ್ಟಿನಲ್ಲಿ ನಾರು ಒತ್ತಿ ತುಂಬಿ, ಮುಳುಗುವಷ್ಟು ದ್ರಾವಣ ಹಾಕಿದ್ದಾದರೆ ಮೇಲಿನ ನಾರಿಗೂ ಅಡಿಯ ನಾರಿಗೂ ಒಂದೇ ಪಾಕ ಆಗುವುದಿಲ್ಲ. ಒಂದೇ ಬ್ಯಾಚಿನಲ್ಲಿ ಬಣ್ಣ ಎರಡು ಬಗೆ ಬಂದರೆ ಮೊದಲು ಇದನ್ನೇ ಅನುಮಾನಿಸಿ, ಮತ್ತು ಕದಡಿದ್ದೆಷ್ಟು ಸಲ ಎಂಬುದನ್ನು ಬರೆಯಿರಿ.

ಆಮೇಲೆ ಹೊತ್ತು ಮತ್ತು ಉಷ್ಣತೆ. ಕಾರವಾರದ ಮೇ ತಿಂಗಳ ಮಧ್ಯಾಹ್ನದ ಕೋಣೆಗೂ ಘಟ್ಟದ ಮೇಲಿನ ಶಿರಸಿಯ ಡಿಸೆಂಬರ್ ಬೆಳಗಿನ ಕೋಣೆಗೂ ಹತ್ತು ಡಿಗ್ರಿಗಿಂತ ಹೆಚ್ಚಿನ ಅಂತರ ಸುಲಭವಾಗಿ ಬರುತ್ತದೆ. ‘ಕೋಣೆಯ ಉಷ್ಣತೆ’ ಎಂಬ ಮಾತು ಈ ಎರಡನ್ನೂ ಒಂದೇ ಮಾಡಿಬಿಡುತ್ತದೆ. ದ್ರಾವಣದೊಳಗೆ ಥರ್ಮಾಮೀಟರ್ ಅದ್ದಿ, ಶುರುವಿನ ಮತ್ತು ಕೊನೆಯ ಉಷ್ಣತೆ ಬರೆಯಿರಿ.

ಕರಾವಳಿಗೇ ಸೇರಿದ ಇನ್ನೊಂದು ಕಾರಣವಿದೆ. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತದೆ. ಜುಲೈಯಲ್ಲಿ ಮುಚ್ಚಳ ಸಡಿಲ ಬಿಟ್ಟ ಬಾಟಲಿಯಿಂದ 50 ಗ್ರಾಂ ತೂಗಿದರೆ ಅದರಲ್ಲಿ ನೀರೂ ಕಾರ್ಬೊನೇಟೂ ಸೇರಿಕೊಂಡಿರುತ್ತವೆ. ಗುಳಿಗೆಗಳು ಒಂದಕ್ಕೊಂದು ಅಂಟಿಕೊಂಡು ಬೆವತಂತೆ ಕಂಡರೆ ತೂಕ ನಂಬಬೇಡಿ. ಸಾಧ್ಯವಿದ್ದರೆ ದ್ರಾವಣವನ್ನು ಗೊತ್ತಿರುವ ಆಮ್ಲದ ಎದುರು ಟೈಟ್ರೇಟ್ ಮಾಡಿ, ಬಂದ ಸಂಖ್ಯೆಯನ್ನೇ ಬರೆಯಿರಿ. ಇಲ್ಲವಾದರೆ ಹೊಸ ಬಾಟಲಿ ತೆರೆದ ದಿನವೇ ತೂಗಿ, ಲೇಬಲ್ಲಿನ ಶುದ್ಧತೆಯನ್ನು ನಮೂದಿಸಿ.

ತೊಳೆಯುವುದರಲ್ಲಿ ‘ಪಿಎಚ್ 7 ಬರುವವರೆಗೆ’ ಎಂದು ಬರೆಯುವುದು ರೂಢಿ. ಚಿರೇಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ತಾನೇ ಸ್ವಲ್ಪ ಆಮ್ಲೀಯ. ಅಂಥ ನೀರಿನಲ್ಲಿ ತೊಳೆದಾಗ ಹೊರಗಿನ ನೀರು 7 ತೋರಿಸುತ್ತಿದ್ದರೂ ನಾರಿನೊಳಗೆ ಕ್ಷಾರ ಉಳಿದಿರಬಹುದು. ತೊಳೆಯುವ ನೀರಿನ ಪಿಎಚ್ ಮೊದಲು ಅಳೆಯಿರಿ. ನಾರನ್ನು ಹೊಸ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಆಮೇಲೆ ಅಳೆಯಿರಿ, ಏಕೆಂದರೆ ಕ್ಷಾರ ನಾರಿನೊಳಗಿಂದ ನಿಧಾನವಾಗಿ ಹೊರಬರುತ್ತದೆ. ಎರಡೂ ಓದು ಒಂದೇ ಆದಾಗ ನಿಲ್ಲಿಸಿ. ಪ್ರಬಂಧಕ್ಕೆ ಬೇಕಾದ್ದು ಇದೇ, ನಿಲ್ಲಿಸುವ ಗುರುತು. ಅಸಿಟಿಕ್ ಆಮ್ಲ ಹಾಕಿ ತಟಸ್ಥ ಮಾಡಿದ್ದರೆ ಅದರ ಪ್ರಮಾಣವನ್ನೂ ಬರೆಯಿರಿ.

ಕೊನೆಯದಾಗಿ, ಸಂಸ್ಕಾರಕ್ಕೆ ಮೊದಲು ಮತ್ತು ನಂತರ ಒಣ ನಾರಿನ ತೂಕ ಕೊಡಿ. ಎಷ್ಟು ಶೇಕಡ ತೂಕ ಇಳಿಯಿತು ಎಂಬ ಒಂದು ಸಂಖ್ಯೆಯಿಂದ ಓದುಗನಿಗೆ ತನ್ನ ಸಂಸ್ಕಾರ ನಿಮ್ಮದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಫಲಕ ಮಾಡುವ ಮೊದಲೇ ಗೊತ್ತಾಗುತ್ತದೆ.

ಎಚ್ಚರಿಕೆ. ಕ್ಷಾರವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ನೀರನ್ನು ಕ್ಷಾರದ ಮೇಲೆ ಸುರಿಯಬಾರದು. ಕರಗುವಾಗ ಜೋರಾಗಿ ಬಿಸಿಯೇರಿ ಸಿಡಿಯುತ್ತದೆ. ಕಣ್ಣಿಗೆ ಗಾಗಲ್ಸ್, ಕೈಗೆ ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಅಲ್ಯುಮಿನಿಯಂ ಪಾತ್ರೆ ಬೇಡ, ಕ್ಷಾರ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಕಣ್ಣಿಗೆ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆಯುತ್ತ, ಬೇರೆಯವರಿಂದ ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಮಾಡಿಸಿ. ನಿಮ್ಮ ಪ್ಯಾರಾ ಓದಿ ಇದನ್ನು ಮೊದಲ ಸಲ ಮಾಡುವವನಿರುತ್ತಾನೆ. ಆದ್ದರಿಂದ ಪಾತ್ರೆಯ ಬಗೆ ಮತ್ತು ಬೆರೆಸುವ ಕ್ರಮ ಪ್ರಬಂಧದಲ್ಲೇ ಇರಲಿ.

## ಲಕ್ಷಣ: ಹೇಳಿದಂತೆಯೇ ಮಾಡಿದರೂ ಫಲಕ ಮೂರು ದಿನ ಅಂಟುಅಂಟಾಗಿಯೇ ಇದೆ, ಅಥವಾ ರಾಳ ಬೆರೆಸುವ ಕಪ್ಪಿನಲ್ಲೇ ಹೊಗೆಯಾಡಿತು

ಎರಡೂ ‘ಸೂಕ್ತ ಪ್ರಮಾಣ’ ಎಂಬ ಪದದ ಫಲ. ಪ್ರಾಜೆಕ್ಟುಗಳಲ್ಲಿ ಸಾಮಾನ್ಯವಾಗಿ ಕಾಣುವ ಎಲ್‌ವೈ 556 ರಾಳ ಮತ್ತು ಎಚ್‌ವೈ 951 ಹಾರ್ಡನರ್ ಜೋಡಿಯನ್ನು ತೂಕದಲ್ಲಿ 100ಕ್ಕೆ 10ರಂತೆ ಬೆರೆಸುವುದು ರೂಢಿ. ‘10:1’ ಎಂದಷ್ಟೇ ಬರೆದರೆ ಓದುವವನು ಅಳತೆಯ ಲೋಟದಲ್ಲಿ ಗಾತ್ರದಂತೆ ಬೆರೆಸಬಹುದು. ರಾಳ ನೀರಿಗಿಂತ ಭಾರ, ಹಾರ್ಡನರ್ ಹೆಚ್ಚುಕಡಿಮೆ ನೀರಿನಷ್ಟೇ. ಸಾಂದ್ರತೆ 1.17 ಮತ್ತು 0.98 ಎಂದಿಟ್ಟುಕೊಂಡರೆ, ಗಾತ್ರದ 10:1 ಎಂಬುದು ತೂಕದಲ್ಲಿ 100ಕ್ಕೆ 8.4 ಮಾತ್ರ ಆಗುತ್ತದೆ. ಆರರಲ್ಲಿ ಒಂದು ಪಾಲಿನಷ್ಟು ಹಾರ್ಡನರ್ ಕಡಿಮೆ ಬಿದ್ದರೆ ಅಂಟು ಬಿಡುವುದಿಲ್ಲ. ‘ತೂಕದಲ್ಲಿ’ ಎಂಬ ಒಂದೇ ಪದ ಸೇರಿಸಿದರೆ ಈ ದೋಷ ಹೋಗುತ್ತದೆ.

ಹೊಗೆಯ ಕಾರಣ ಬೇರೆ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಶಾಖ ಹುಟ್ಟಿಸುತ್ತದೆ. ತೆಳುವಾಗಿ ಹರಡಿದರೆ ಶಾಖ ಹೊರಗೆ ಹೋಗುತ್ತದೆ, ಆಳವಾದ ಕಪ್ಪಿನಲ್ಲಿ ರಾಶಿ ಬಿದ್ದರೆ ಒಳಗೇ ಉಳಿದು ಇನ್ನೂ ವೇಗವಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಎಷ್ಟು ಗ್ರಾಂ ಬೆರೆಸಿದಿರಿ, ಯಾವ ಪಾತ್ರೆಯಲ್ಲಿ, ಬೆರೆಸಿ ಎಷ್ಟು ನಿಮಿಷದೊಳಗೆ ಅಚ್ಚಿಗೆ ಹೊಯ್ದಿರಿ, ಆಗ ಕೋಣೆ ಎಷ್ಟು ಡಿಗ್ರಿ ಇತ್ತು ಎಂಬ ನಾಲ್ಕು ಮಾತು ಬೇಕು.

ಎಚ್ಚರಿಕೆ. ಕಪ್ಪು ಬಿಸಿಯಾಗತೊಡಗಿದರೆ ಮುಚ್ಚಬೇಡಿ, ಅದರ ಮೇಲೆ ಬಗ್ಗಿ ಆವಿ ಮೂಸಬೇಡಿ. ಇನ್ನೂ ಹರಿಯುವಂತಿದ್ದರೆ ಅಗಲದ ಲೋಹದ ತಟ್ಟೆಗೆ ಸುರಿದು ಬಯಲಿಗಿಡಿ. ಹೊಗೆ ಶುರುವಾಗಿದ್ದರೆ ಮುಟ್ಟದೆ, ಕಿಟಕಿ ತೆರೆದು ಹೊರಗೆ ಬಂದು ಲ್ಯಾಬಿನ ಹೊಣೆಯವರನ್ನು ಕರೆಯಿರಿ. ಅಮೈನ್ ಹಾರ್ಡನರ್ ಚರ್ಮಕ್ಕೆ ತಾಗಿ ಒಮ್ಮೆ ಅಲರ್ಜಿ ಹಿಡಿದರೆ ಮುಂದೆ ಸಣ್ಣ ಪ್ರಮಾಣಕ್ಕೂ ಕೆರಳುತ್ತದೆ.

## ಲಕ್ಷಣ: ‘20% ನಾರು’ ಎಂದು ಇಬ್ಬರೂ ಹೇಳುತ್ತಾರೆ, ಬಲ ಮಾತ್ರ ಹೊಂದುವುದಿಲ್ಲ

ಇಲ್ಲಿಂದ ಪೆನ್ನು ಸಾಲದು, ತಕ್ಕಡಿ ಬೇಕು. 250 × 250 × 3.2 ಮಿ.ಮೀ. ಅಚ್ಚು, ಅಂದರೆ 200 ಘನ ಸೆಂ.ಮೀ. ಅದಕ್ಕೆ 45 ಗ್ರಾಂ ನಾರು, 180 ಗ್ರಾಂ ರಾಳಮಿಶ್ರಣ. ತೂಕದಲ್ಲಿ ಸರಿಯಾಗಿ 20%. ಗಾತ್ರದಲ್ಲಿ ಎಷ್ಟು?

```
Vf = (mf/ρf) / (mf/ρf + mm/ρm)
ρf = 1.1, ρm = 1.15:  40.9 / (40.9 + 156.5) = 20.7 %
ρf = 0.8, ρm = 1.15:  56.3 / (56.3 + 156.5) = 26.4 %
```

ಇಲ್ಲಿ `mf`, `ρf` ನಾರಿನ ತೂಕ ಮತ್ತು ಸಾಂದ್ರತೆ, `mm`, `ρm` ರಾಳದ್ದು. ಸಸ್ಯನಾರಿನೊಳಗೆ ಟೊಳ್ಳು ಇರುತ್ತದೆ. ಸಾಂದ್ರತೆ ಅಳೆಯುವ ಕ್ರಮ ಆ ಟೊಳ್ಳನ್ನು ಲೆಕ್ಕಕ್ಕೆ ಹಿಡಿಯುತ್ತದೋ ಬಿಡುತ್ತದೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಅದರ ಬೆನ್ನಿಗೆ ಗಾತ್ರದ ಶೇಕಡವೂ ಬದಲಾಗುತ್ತದೆ. ಹಾಗಾಗಿ ಶೇಕಡ ತೂಕದ್ದೋ ಗಾತ್ರದ್ದೋ ಎಂದು ಹೇಳುವುದರ ಜೊತೆಗೆ ಸಾಂದ್ರತೆ ಎಷ್ಟು, ಹೇಗೆ ಅಳೆದಿರಿ ಎಂಬುದೂ ಬೇಕು. ಬೇರೆ ಪ್ರಬಂಧದಿಂದ ಎತ್ತಿಕೊಂಡ ಸಂಖ್ಯೆಯಾದರೆ ಹಾಗೆಂದೇ ಬರೆಯಿರಿ.

ತೂಕದ 20 ಕೂಡ ನಿಜವಾದ 20 ಆಗಿರದಿರಲು ಎರಡು ಕಾರಣಗಳುಂಟು. ಒಂದು ತೇವ. ಮಳೆಗಾಲದಲ್ಲಿ ಓವನ್ನಿನಿಂದ ತೆಗೆದ ನಾರನ್ನು ಮೇಜಿನ ಮೇಲೆ ಬಿಟ್ಟು ರಾಳ ಕಲಸಲು ಹೋದರೆ ಅದು ಗಾಳಿಯ ತೇವ ಕುಡಿಯುತ್ತಲೇ ಇರುತ್ತದೆ. ತೂಗಿದ 45 ಗ್ರಾಂನಲ್ಲಿ ಹತ್ತನೇ ಒಂದು ಪಾಲು ನೀರಾದರೆ ನಾರು 40.5 ಗ್ರಾಂ ಮಾತ್ರ. ಅದಕ್ಕಿಂತ ಕೆಟ್ಟದ್ದೆಂದರೆ ಆ ನೀರು ನಾರಿಗೂ ರಾಳಕ್ಕೂ ನಡುವಿನ ಹಿಡಿತ ಹಾಳುಮಾಡುತ್ತದೆ. ‘ಒಣಗಿಸಲಾಯಿತು’ ಎಂಬಲ್ಲಿ ಓವನ್ನಿನ ಡಿಗ್ರಿ, ನಿಲ್ಲಿಸಿದ ಗುರುತು, ಆಮೇಲೆ ಎಲ್ಲಿಟ್ಟದ್ದು ಎಂಬ ಮೂರೂ ಬರಬೇಕು. ನಿಲ್ಲಿಸುವ ಗುರುತು ಗಂಟೆಯಾಗುವುದಕ್ಕಿಂತ ತೂಕವಾಗುವುದು ಒಳ್ಳೆಯದು, ಒಂದು ಗಂಟೆ ಅಂತರದ ಎರಡು ತೂಕಗಳು ಇಷ್ಟರೊಳಗೆ ಹೊಂದುವವರೆಗೆ ಎಂಬಂತೆ.

ಇನ್ನೊಂದು, ಒತ್ತಿದಾಗ ಸೋರಿದ ರಾಳ. 180 ಗ್ರಾಂ ಹೊಯ್ದು 15 ಗ್ರಾಂ ಅಂಚಿನಿಂದ ಹೊರಬಂದಿದ್ದರೆ ಫಲಕ 210 ಗ್ರಾಂ, ನಾರು 21.4%. ಗಟ್ಟಿಯಾದ ಫಲಕವನ್ನು ತೂಗಿದರೆ ಇದು ಅರ್ಧ ನಿಮಿಷದ ಕೆಲಸ. ಹಾಗೇ ದಪ್ಪವನ್ನೂ ಅಳೆದರೆ ಗಾಳಿಗುಳ್ಳೆಯ ಅಂದಾಜು ಉಚಿತವಾಗಿ ಸಿಗುತ್ತದೆ. ಫಲಕ 3.05 ಮಿ.ಮೀ. ದಪ್ಪವಾದರೆ ಗಾತ್ರ 190.6, ನಾರು ಮತ್ತು ರಾಳ ಸೇರಿ ತುಂಬಬೇಕಾದದ್ದು 184.4 ಘನ ಸೆಂ.ಮೀ. ಉಳಿದ ಸುಮಾರು 3% ಗಾಳಿ. ಈ ಲೆಕ್ಕ ಸಾಂದ್ರತೆಯ ಸಂಖ್ಯೆಯಷ್ಟೇ ನಂಬಿಕೆಯದು. ಗುಳ್ಳೆ ಸೊನ್ನೆಗಿಂತ ಕಡಿಮೆ ಬಂದರೆ ಸಾಂದ್ರತೆಯಲ್ಲೋ ದಪ್ಪದಲ್ಲೋ ತಪ್ಪಿದೆ ಎಂದು ತಿಳಿಯಿರಿ.

## ಲಕ್ಷಣ: ‘ಎಎಸ್‌ಟಿಎಂ ಪ್ರಕಾರ’ ಎಂದಿದೆ, ಆದರೆ ಮಾದರಿಯ ಆಕಾರವೇ ಗೊತ್ತಾಗುವುದಿಲ್ಲ

ಸ್ಟ್ಯಾಂಡರ್ಡಿನ ಹೆಸರು ಹೇಳಿದರೆ ಎಲ್ಲ ಹೇಳಿದಂತೆ ಎಂಬ ನಂಬಿಕೆ ಬಲವಾಗಿದೆ. ಎಳೆತಕ್ಕೆ ಡಿ638 ಬಳಸುವವರೂ ಇದ್ದಾರೆ, ಡಿ3039 ಬಳಸುವವರೂ ಇದ್ದಾರೆ. ಮೊದಲನೆಯದು ನಡು ಸಣ್ಣಗಿರುವ ಡಂಬೆಲ್ ಆಕಾರದ್ದು, ಎರಡನೆಯದು ಉದ್ದನೆಯ ಆಯತದ ಪಟ್ಟಿ. ಡಿ638ರ ಒಳಗೇ ಹಲವು ಬಗೆಗಳಿವೆ, ಯಂತ್ರದ ವೇಗಗಳೂ ಒಂದಕ್ಕಿಂತ ಹೆಚ್ಚು. ಆದ್ದರಿಂದ ಸಂಖ್ಯೆ, ಪರಿಷ್ಕರಣೆಯ ವರ್ಷ, ಬಗೆ, ವೇಗ ನಾಲ್ಕನ್ನೂ ಬರೆಯಬೇಕು. ಬಗೆ 1 ಆದರೆ ಒಟ್ಟು ಉದ್ದ 165 ಮಿ.ಮೀ., ನಡುವಿನ ಅಗಲ 13 ಮಿ.ಮೀ.

ಈ ಪರೀಕ್ಷೆಗೆ ರೂಢಿಯ ವಾತಾವರಣ 23 ± 2 °ಸೆ., 50% ಸಾಪೇಕ್ಷ ಆರ್ದ್ರತೆ, ಪರೀಕ್ಷೆಗೆ ಮೊದಲು ಕನಿಷ್ಠ 40 ಗಂಟೆ. ಹವಾನಿಯಂತ್ರಣವಿಲ್ಲದ ಕರಾವಳಿಯ ಲ್ಯಾಬಿನಲ್ಲಿ ಆಗಸ್ಟಿನಲ್ಲಿ ಇದು ಇರುವುದೇ ಇಲ್ಲ. ಹಾಗಿರುವಾಗ ‘ಎಎಸ್‌ಟಿಎಂ ಪ್ರಕಾರ’ ಎಂದಷ್ಟೇ ಬರೆದರೆ ಅದು ಸುಳ್ಳಾಗುತ್ತದೆ. ‘ಡಿ638 ಬಗೆ 1ರಂತೆ, ಆದರೆ 29 °ಸೆ., 78% ಆರ್ದ್ರತೆಯಲ್ಲಿ’ ಎಂದು ಬರೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಸಸ್ಯನಾರಿನ ಫಲಕ ತೇವಕ್ಕೆ ಮೆತ್ತಗಾಗುವುದರಿಂದ ಆ ವಾಕ್ಯವೇ ಓದುಗನಿಗೆ ಫಲಿತಾಂಶದ ಬೀಗದ ಕೈ.

ಬಲ ಹೊಂದಿ, ಸ್ಥಿತಿಸ್ಥಾಪಕಾಂಕ ಮಾತ್ರ ತೀರ ಕಡಿಮೆ ಬಂದಿದ್ದರೆ ಹಿಗ್ಗುವಿಕೆ ಅಳೆದದ್ದು ಹೇಗೆ ಎಂದು ನೋಡಿ. ಯಂತ್ರದ ಕ್ರಾಸ್‌ಹೆಡ್ ಚಲನೆಯಿಂದ ಲೆಕ್ಕ ಹಾಕಿದರೆ ಹಿಡಿಕೆಯ ಜಾರಿಕೆ ಮತ್ತು ಯಂತ್ರದ ಬಾಗುವಿಕೆಯೂ ಮಾದರಿಯ ಹಿಗ್ಗುವಿಕೆಯಾಗಿ ಸೇರಿಕೊಳ್ಳುತ್ತದೆ. ಎಕ್ಸ್‌ಟೆನ್ಸೊಮೀಟರ್ ಇತ್ತೋ ಇಲ್ಲವೋ ಎಂಬುದು ಪ್ಯಾರಾದಲ್ಲಿ ಇರಲೇಬೇಕು.

## ಲಕ್ಷಣ: ಕೋಷ್ಟಕದಲ್ಲಿ ಐದು ಮಾದರಿ, ಗ್ರಾಫಿನಲ್ಲಿ ನಾಲ್ಕು ಚುಕ್ಕೆ

‘ದೋಷಯುಕ್ತ ಮಾದರಿಗಳನ್ನು ಕೈಬಿಟ್ಟು’ ಎಂಬುದು ಇಡೀ ಪ್ಯಾರಾದ ಅತ್ಯಂತ ಅಪಾಯದ ತುಂಡು. ಯಾರು ಕೈಬಿಟ್ಟರು, ಏನು ನೋಡಿ, ಬಲದ ಸಂಖ್ಯೆ ಕಾಣುವ ಮೊದಲೋ ಆಮೇಲೋ? ಕಣ್ಣಿಗೆ ಕಾಣುವ ಗುಳ್ಳೆಯಿದೆ ಎಂದು ಮೊದಲೇ ತೆಗೆದಿಟ್ಟದ್ದು ಒಂದು ಬಗೆ. ಸಂಖ್ಯೆ ಕಡಿಮೆ ಬಂತೆಂದು ಆಮೇಲೆ ತೆಗೆದದ್ದು ಬೇರೆಯೇ ಬಗೆ. ಎರಡಕ್ಕೂ ಒಂದೇ ‘-ಲಾಯಿತು’ ಹೊದಿಕೆಯಾಗುತ್ತದೆ. ಡಿ638ರಲ್ಲಿ ಎದ್ದುಕಾಣುವ ಕುಂದಿನಲ್ಲಿ ಅಥವಾ ಸಣ್ಣ ನಡುವಿನ ಭಾಗದ ಹೊರಗೆ ಮುರಿದ ಮಾದರಿ ಬಿಟ್ಟು, ಅದರ ಬದಲು ಮತ್ತೊಂದನ್ನು ಪರೀಕ್ಷಿಸಲು ಹೇಳಿದೆ. ಆ ನಿಯಮ ಬಳಸಿದ್ದರೆ ಹೀಗೆ ಬರೆಯಿರಿ: ಎಷ್ಟು ಕತ್ತರಿಸಿದ್ದು, ಎಷ್ಟು ಮುರಿದದ್ದು, ಎಷ್ಟು ಯಾವ ಕಾರಣಕ್ಕೆ ಬಿಟ್ಟದ್ದು, ಉಳಿದದ್ದು ಎಷ್ಟು. ಜೊತೆಗೆ ಅವು ಒಂದೇ ಫಲಕದವೋ ಬೇರೆ ಬೇರೆ ಫಲಕದವೋ ಎಂದೂ ಹೇಳಿ. ಒಂದೇ ಫಲಕದಿಂದ ಐದು ಕತ್ತರಿಸಿದರೆ ಗೊತ್ತಾಗುವುದು ಆ ಫಲಕದೊಳಗಿನ ಏರುಪೇರು ಮಾತ್ರ, ಪಾಕ ಮತ್ತೆ ಮಾಡಿದಾಗ ಬರುವ ಏರುಪೇರಲ್ಲ.

## ಎಲ್ಲಿ ನಿಲ್ಲಿಸಿ ಇನ್ನೊಬ್ಬರನ್ನು ಕೇಳಬೇಕು

ಲ್ಯಾಬ್ ಪುಸ್ತಕದಲ್ಲಿ ಇಲ್ಲದ ಸಂಖ್ಯೆ ನೆನಪಿನಿಂದ ಬರುತ್ತಿದ್ದರೆ ಪೆನ್ನು ಕೆಳಗಿಡಿ. ‘ನೆನೆಸಿದ ಅವಧಿ ದಾಖಲಾಗಿಲ್ಲ’ ಎಂಬ ಖಾಲಿ ಜಾಗ ತಪ್ಪು ಸಂಖ್ಯೆಗಿಂತ ಮೇಲು, ಓದುಗ ಅದನ್ನು ತಾನೇ ಬದಲಿಸಿ ನೋಡಬಹುದು. ಲ್ಯಾಬ್ ಸಹಾಯಕರನ್ನು ಕೇಳಿ. ಓವನ್ ನಿಜಕ್ಕೂ ತೋರಿಸುವ ಡಿಗ್ರಿಯಲ್ಲಿ ನಿಲ್ಲುತ್ತದೋ ಇಲ್ಲವೋ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬಿಟ್ಟುಹೋದ ಸಂಖ್ಯೆ ಫಲಿತಾಂಶವನ್ನೇ ಬದಲಿಸುವಂಥದ್ದಾದರೆ ಒಂದು ಫಲಕ ಮತ್ತೆ ಮಾಡುವುದೇ ದಾರಿ. ಕೈಬಿಟ್ಟ ಮಾದರಿಗಳ ಲೆಕ್ಕ ಹೊಂದದಿದ್ದರೆ ಗೈಡ್ ಮತ್ತು ಎಲ್ಲ ಸಹಲೇಖಕರ ಮುಂದಿಡಿ, ಒಬ್ಬರೇ ತಿದ್ದಬೇಡಿ. ಪ್ರಬಂಧ ಆಗಲೇ ಅಚ್ಚಾಗಿದ್ದರೆ ಪತ್ರಿಕೆಗೆ ತಿದ್ದುಪಡಿ ಕಳಿಸಿ.

## ದುರಸ್ತಿಯಾದ ಪ್ಯಾರಾ

> ಶಿರಸಿ ತಾಲೂಕಿನ ಒಂದೇ ತೋಟದಿಂದ ಮಾರ್ಚ್‌ನಲ್ಲಿ, ಚಾಲಿ ಸುಲಿದ ವಾರದೊಳಗೆ ಒಣ ಸಿಪ್ಪೆ ತಂದೆವು. 5 ದಿನ ಬಾವಿ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ನಾರನ್ನು ಕೈಯಿಂದ ಬಿಡಿಸಿ 20–30 ಮಿ.ಮೀ. ಉದ್ದಕ್ಕೆ ಕತ್ತರಿಸಿದೆವು. ಒರಟು, ನವಿರು ಎಂದು ವಿಂಗಡಿಸಿಲ್ಲ. 60 ಗ್ರಾಂ ಒಣ ನಾರನ್ನು 1.2 ಲೀಟರ್ ಕ್ಷಾರ ದ್ರಾವಣದಲ್ಲಿ (ಲೀಟರಿಗೆ 50 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, ಶುದ್ಧತೆ 97%, ಹೊಸ ಬಾಟಲಿ) ಪಾಲಿಪ್ರೊಪಿಲೀನ್ ಪಾತ್ರೆಯಲ್ಲಿ 4 ಗಂಟೆ ಮುಳುಗಿಸಿ, 30 ನಿಮಿಷಕ್ಕೊಮ್ಮೆ ಕದಡಿದೆವು. ದ್ರಾವಣ 28ರಿಂದ 30 °ಸೆ. ಇತ್ತು. ನೀರಿನಲ್ಲಿ 10 ನಿಮಿಷ ಬಿಟ್ಟಾಗಿನ ಪಿಎಚ್ ತೊಳೆಯುವ ನೀರಿನ ಪಿಎಚ್‌ಗೆ (6.2) ಸಮನಾಗುವವರೆಗೆ ತೊಳೆದೆವು, ಆಮ್ಲ ಬಳಸಿಲ್ಲ. 1 ಗಂಟೆ ಅಂತರದ ಎರಡು ತೂಕಗಳು 0.5%ರೊಳಗೆ ಹೊಂದುವವರೆಗೆ 80 °ಸೆ. ಓವನ್ನಿನಲ್ಲಿ ಒಣಗಿಸಲಾಯಿತು. ತೂಕ 51 ಗ್ರಾಂಗೆ ಇಳಿಯಿತು. ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿಟ್ಟು, ತೆಗೆದ 5 ನಿಮಿಷದೊಳಗೆ ಬಳಸಿದೆವು.
>
> ಎಲ್‌ವೈ 556 ಮತ್ತು ಎಚ್‌ವೈ 951ನ್ನು ತೂಕದಲ್ಲಿ 100:10ರಂತೆ, ಒಟ್ಟು 180 ಗ್ರಾಂ, 90 ಗ್ರಾಂಗಳ ಎರಡು ಪಾಲಾಗಿ ಬೆರೆಸಿ, ಪ್ರತಿ ಪಾಲನ್ನು 10 ನಿಮಿಷದೊಳಗೆ 250 × 250 ಮಿ.ಮೀ. ಅಚ್ಚಿನಲ್ಲಿ 45 ಗ್ರಾಂ ನಾರಿನ ಮೇಲೆ ಹೊಯ್ದು ರೋಲರ್ ಎಳೆದೆವು. ಮೇಲೆ 20 ಕಿ.ಗ್ರಾಂ ಭಾರವಿಟ್ಟು 29–31 °ಸೆ.ನಲ್ಲಿ 24 ಗಂಟೆ ಬಿಡಲಾಯಿತು; ಬಿಸಿ ಕ್ಯೂರ್ ಮಾಡಿಲ್ಲ, ಪರೀಕ್ಷೆ 7ನೇ ದಿನ. ಫಲಕ 210 ಗ್ರಾಂ, ದಪ್ಪ 3.05 ಮಿ.ಮೀ.; ನಾರು ತೂಕದಲ್ಲಿ 21.4%. ನಾರಿನ ಸಂಸ್ಕಾರದಿಂದ ಹಿಡಿದು ಇದೇ ಕ್ರಮದಲ್ಲಿ ಬೇರೆ ಬೇರೆಯಾಗಿ ಮಾಡಿದ ಮೂರು ಫಲಕಗಳಿಂದ ತಲಾ 3 ಮಾದರಿ (ಡಿ638-14, ಬಗೆ 1) ಕತ್ತರಿಸಿ, 29 °ಸೆ., 78% ಆರ್ದ್ರತೆಯಲ್ಲಿ 40 ಗಂಟೆ ಇಟ್ಟು, ನಿಮಿಷಕ್ಕೆ 5 ಮಿ.ಮೀ. ವೇಗದಲ್ಲಿ ಎಳೆದೆವು. ಹಿಗ್ಗುವಿಕೆಗೆ 50 ಮಿ.ಮೀ. ಎಕ್ಸ್‌ಟೆನ್ಸೊಮೀಟರ್. ಒಟ್ಟು 9ರಲ್ಲಿ ಒಂದು ಹಿಡಿಕೆಯ ಬಳಿ ಮುರಿದದ್ದರಿಂದ ಬಿಟ್ಟೆವು. ಬದಲಿ ಮಾದರಿ ಪರೀಕ್ಷಿಸಿಲ್ಲ. ಸರಾಸರಿ 8 ಮಾದರಿಗಳದು.

‘ಒಣಗಿಸಲಾಯಿತು’, ‘ಬಿಡಲಾಯಿತು’ ಇನ್ನೂ ಉಳಿದಿವೆ, ಅಲ್ಲಿ ಯಾರ ತೀರ್ಮಾನವೂ ಅಡಗಿಲ್ಲ. ಉದ್ದ ಮೂರು ಪಟ್ಟಿಗೂ ಹೆಚ್ಚಾಗಿದೆ. ಪತ್ರಿಕೆಗೆ ಜಾಗ ಸಾಲದಿದ್ದರೆ ಪೂರಕ ಕಡತಕ್ಕೆ ಹಾಕಿ, ಆದರೆ ಕ್ಷಾರದ ಪಾಲು, ತೂಕದ ಅನುಪಾತ ಮತ್ತು ಬಿಟ್ಟ ಮಾದರಿಗಳ ಲೆಕ್ಕ ಮುಖ್ಯ ಪ್ರಬಂಧದಲ್ಲೇ ಇರಲಿ. ಪೆನ್ಸಿಲಿನ ಕಂಪನಿ, ಬೀಕರಿನ ಬ್ರ್ಯಾಂಡ್ ಇಂಥವು ಬೇಡ.

ಇದರಲ್ಲೂ ಒಂದು ತೂತು ಉಳಿದಿದೆ, ರೋಲರ್ ಎಷ್ಟು ಒತ್ತಡದಲ್ಲಿ, ಎಷ್ಟು ಸಲ ಎಳೆದದ್ದು ಎಂಬುದು. ಪಕ್ಕದ ವಿಭಾಗದ ಒಬ್ಬರ ಕೈಗೆ ಪ್ಯಾರಾ ಕೊಟ್ಟು, ಏನೂ ಹೇಳದೆ, ಸಾಮಾನಿನ ಚೀಟಿಯನ್ನೂ ಕೆಲಸದ ಪಟ್ಟಿಯನ್ನೂ ಬರೆಯಲು ಹೇಳಿದರೆ ಅವರು ಮೊದಲು ಕೇಳುವುದು ಅದನ್ನೇ. ಮುಂದಿನ ಫಲಕ ಮಾಡುವಾಗ ಎಣಿಸಿಕೊಳ್ಳಿ.